ಮೊಸರನ್ನದ ಬುತ್ತಿ: ಬೆಳಗಿನಿಂದ ಮಧ್ಯಾಹ್ನದವರೆಗೆ ಕೆಡದಂತೆ ಕಾಯ್ದುಕೊಳ್ಳುವ ಬಗೆ

ನಸುಕಿನ ಆರು ಗಂಟೆಯ ಹೊತ್ತಿಗೆ ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ನಿಂತರೆ ನೂರಾರು ಕೈಗಳಲ್ಲಿ ಊಟದ ಡಬ್ಬಿಯ ಚೀಲಗಳು ಕಾಣುತ್ತವೆ. ಕಂಪ್ಲಿಯಿಂದ ಬಂದವರು ಸಂಡೂರಿನ ಕಡೆಗೆ, ಸಂಡೂರಿನಿಂದ ಬಂದವರು ಹೊಸಪೇಟೆಯ ಕಚೇರಿಗಳಿಗೆ, ಇನ್ನು ಕೆಲವರು ಹಂಪಿಯ ಕಡೆಗೆ ತಮ್ಮ ತಮ್ಮ ಕಾಯಕಕ್ಕೆ ಹೊರಟಿರುತ್ತಾರೆ. ಫಾಲ್ಗುಣ ಕಳೆದು ಬಿಸಿಲು ಏರಿದ ಮೇಲೆ ಆ ಡಬ್ಬಿಗಳಲ್ಲಿ ಬಹುಪಾಲಿನಲ್ಲಿ ಇರುವುದು ಮೊಸರನ್ನವೇ. ನಲವತ್ತು ಡಿಗ್ರಿ ಬಿಸಿಲಿನಲ್ಲಿ ಹೊಟ್ಟೆಗೆ ಹಿತವಾಗಿ ಇಳಿಯುವ ಆಹಾರ ಅದಕ್ಕಿಂತ ಬೇರೊಂದಿಲ್ಲ. ಆದರೆ ಬೆಳಿಗ್ಗೆ ಕಟ್ಟಿದ ಬುತ್ತಿ ಮಧ್ಯಾಹ್ನ ಒಂದು ಗಂಟೆಗೆ ತೆರೆದಾಗ ಹೇಗಿರುತ್ತದೆ ಎಂಬುದು ಪ್ರತಿದಿನದ ಪ್ರಶ್ನೆ.

ಕಳೆದ ಬೇಸಿಗೆಯಲ್ಲಿ ನಮಗೆ ಪರಿಚಿತರಾದ ಕಂಪ್ಲಿಯ ಒಂದು ಕುಟುಂಬದಲ್ಲಿ ನಡೆದ ಸಂಗತಿಯಿಂದ ಈ ಬರಹವನ್ನು ಆರಂಭಿಸುತ್ತೇವೆ. ಮನೆಯ ಯಜಮಾನರು ದಿನವೂ ಹೊಸಪೇಟೆಯ ಮೂಲಕ ಸಂಡೂರಿಗೆ ಹೋಗಿ ಬರುವವರು. ಒಂದು ದಿನ ಬುತ್ತಿಯ ಮೊಸರನ್ನ ಉಂಡು ಮೂರು ಗಂಟೆ ಕಳೆಯುವಷ್ಟರಲ್ಲಿ ಅವರಿಗೆ ಮೇಲಿಂದ ಮೇಲೆ ವಾಂತಿಯಾಯಿತು. ಜ್ವರವಿರಲಿಲ್ಲ, ರಾತ್ರಿಯ ಹೊತ್ತಿಗೆ ವಾಂತಿ ನಿಂತಿತು. ಮನೆಯಲ್ಲಿ ಎಲ್ಲರೂ ಮೊಸರನ್ನೇ ದೂರಿದರು. ಅವರ ಮಡದಿ ಮಾತ್ರ ನಮ್ಮಲ್ಲಿ ಒಂದು ಸಂದೇಹವನ್ನು ಮುಂದಿಟ್ಟರು: "ಅದೇ ಮೊಸರನ್ನು ನಾವೆಲ್ಲರೂ ಮನೆಯಲ್ಲಿ ಉಂಡೆವಲ್ಲ ಅಣ್ಣಾ, ನಮಗೇಕೆ ಏನೂ ಆಗಲಿಲ್ಲ?" ಅವರ ಪ್ರಶ್ನೆ ಸರಿಯಾಗಿತ್ತು. ಮೊಸರು ಎಲ್ಲರಿಗೂ ಒಂದೇ ಆಗಿತ್ತು, ಬೇರೆಯಾಗಿದ್ದುದು ಅನ್ನ. ಮನೆಯವರು ಉಂಡದ್ದು ಅಂದಿನ ಬಿಸಿ ಅನ್ನ. ಡಬ್ಬಿಗೆ ಹಾಕಿದ್ದು ಹಿಂದಿನ ರಾತ್ರಿ ಮಿಕ್ಕಿ ಪಾತ್ರೆಯಲ್ಲೇ ಮುಚ್ಚಿಟ್ಟಿದ್ದ ಅನ್ನ.

ಹುಳಿಯಾಗುವುದು ಬೇರೆ, ಕೆಡುವುದು ಬೇರೆ

ಮೊಸರನ್ನ ಹುಳಿಯಾಯಿತೆಂದರೆ ಕೆಟ್ಟಿತೆಂದು ನಾವು ಸಾಮಾನ್ಯವಾಗಿ ಹೇಳಿಬಿಡುತ್ತೇವೆ. ಈ ಎರಡನ್ನೂ ಬೇರ್ಪಡಿಸಿ ನೋಡುವುದು ಅಗತ್ಯ.

ಹಾಲಿಗೆ ಹೆಪ್ಪು ಹಾಕಿದಾಗ ಅದರಲ್ಲಿರುವ ಸೂಕ್ಷ್ಮಾಣುಗಳು ಹಾಲಿನ ಸಕ್ಕರೆಯನ್ನು ಹುಳಿಯನ್ನಾಗಿ ಮಾರ್ಪಡಿಸುತ್ತವೆ. ಹಾಲು ಗಟ್ಟಿಯಾಗಿ ಮೊಸರಾಗುವುದು ಈ ಹುಳಿಯಿಂದಲೇ. ಮೊಸರಾದ ಮೇಲೂ ಅವು ಸುಮ್ಮನಿರುವುದಿಲ್ಲ. ಬೆಚ್ಚಗಿರುವಷ್ಟು ಹೊತ್ತು ಹುಳಿಯನ್ನು ಹೆಚ್ಚಿಸುತ್ತಲೇ ಹೋಗುತ್ತವೆ. ಅವುಗಳಿಗೆ ಬಹಳ ಪ್ರಿಯವಾದುದು ನಲವತ್ತು ಡಿಗ್ರಿಯ ಆಸುಪಾಸಿನ ಬೆಚ್ಚನೆ. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಹೊಸಪೇಟೆ, ಸಂಡೂರುಗಳಲ್ಲಿ ಬಸ್ಸಿನ ಒಳಗೂ ಹೊರಗೂ ಇರುವುದು ಅದೇ ಬೆಚ್ಚನೆ. ಆದ್ದರಿಂದ ಬೆಳಿಗ್ಗೆ ಆರು ಗಂಟೆಗೆ ಪೂರ್ತಿ ಮೊಸರು ಹಾಕಿ ಕಲಸಿದ ಅನ್ನ ಮಧ್ಯಾಹ್ನಕ್ಕೆ ಬಾಯಿಗಿಡಲಾಗದಷ್ಟು ಹುಳಿಯಾಗಿ, ನೀರೊಡೆದು ನಿಲ್ಲುತ್ತದೆ. ಅದು ರುಚಿ ಕಳೆದುಕೊಂಡಿದೆ, ನಿಜ. ಆದರೆ ಆ ಹುಳಿ ಆರೋಗ್ಯಕ್ಕೆ ಶತ್ರುವಲ್ಲ. ಅನ್ನವನ್ನು ಕೆಡಿಸುವ ಇತರ ಸೂಕ್ಷ್ಮಾಣುಗಳು ಬೆಳೆಯದಂತೆ ತಡೆಯುವ ಕಾವಲುಗಾರನೂ ಅದೇ.

ನಿಜವಾದ ಅಪಾಯವಿರುವುದು ಅನ್ನದಲ್ಲಿ. ಮಣ್ಣಿನಲ್ಲಿ ವಾಸಿಸುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವೊಂದು ಭತ್ತದೊಡನೆ ಅಕ್ಕಿಗೂ ಬರುತ್ತದೆ. ತುಂಗಭದ್ರೆಯ ಕಾಲುವೆಯ ನೀರುಂಡು ಬೆಳೆದ ಕಂಪ್ಲಿಯ ಸೋನಾ ಮಸೂರಿಯಾಗಲಿ, ಬೇರೆ ಯಾವ ನಾಡಿನ ಅಕ್ಕಿಯಾಗಲಿ ಇದಕ್ಕೆ ಹೊರತಲ್ಲ. ಪ್ರತಿಕೂಲ ಸಮಯದಲ್ಲಿ ಈ ಜೀವಿ ಗಟ್ಟಿ ಕವಚದ ಬೀಜಾಣುವಿನ ರೂಪ ತಾಳುತ್ತದೆ. ಅನ್ನ ಕುದಿಯುವಾಗ ಉಳಿದ ಸೂಕ್ಷ್ಮಾಣುಗಳು ಸತ್ತರೂ ಈ ಬೀಜಾಣುಗಳಲ್ಲಿ ಕೆಲವು ಉಳಿದುಕೊಳ್ಳುತ್ತವೆ. ಅನ್ನ ಆರಿ ಉಗುರುಬೆಚ್ಚಗಾದಾಗ ಅವು ಮೊಳೆತು ಬೆಳೆಯತೊಡಗುತ್ತವೆ. ಗಂಟೆಗಟ್ಟಲೆ ಹಾಗೆಯೇ ಬಿಟ್ಟರೆ ವಾಂತಿ ತರಿಸುವ ಒಂದು ವಿಷವನ್ನು ಅನ್ನದಲ್ಲಿ ಬಿಡುತ್ತವೆ. ಆ ವಿಷ ಎಷ್ಟು ಗಟ್ಟಿಯೆಂದರೆ ಮರಳಿ ಕುದಿಸಿದರೂ ನಾಶವಾಗದು. ಮೊಸರಿನ ಹುಳಿಗೂ ಜಗ್ಗದು. ಅದಕ್ಕೆ ವಾಸನೆಯಿಲ್ಲ, ರುಚಿಯೂ ಇಲ್ಲ.

1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಹೋಟೆಲುಗಳಲ್ಲಿ ಹುರಿದ ಅನ್ನ ಉಂಡವರಿಗೆ ವಾಂತಿಯಾದ ಪ್ರಕರಣಗಳನ್ನು ಪರಿಶೀಲಿಸಿದಾಗ ವೈದ್ಯಲೋಕದ ಗಮನ ಈ ಕಡೆಗೆ ಹರಿಯಿತು. ಹೆಚ್ಚು ಅನ್ನವನ್ನು ಒಮ್ಮೆಗೇ ಬೇಯಿಸಿ, ರಾತ್ರಿಯಿಡೀ ಹೊರಗಿಟ್ಟು, ಮರುದಿನ ಬೇಗಬೇಗ ಹುರಿದು ಬಡಿಸುವ ರೂಢಿ ಅಲ್ಲಿತ್ತು. ಕಂಪ್ಲಿಯ ಮನೆಯಲ್ಲಿ ನಡೆದುದೂ ಸ್ವರೂಪದಲ್ಲಿ ಅದೇ. ರಾತ್ರಿ ಎಂಟು ಗಂಟೆಗೆ ಬೆಂದ ಅನ್ನ ಆಳವಾದ ಪಾತ್ರೆಯಲ್ಲಿ ಮುಚ್ಚಳದಡಿ ಬೆಚ್ಚಗೆ ಕುಳಿತಿತ್ತು. ಬೇಸಿಗೆಯ ರಾತ್ರಿಯಲ್ಲಿ ಅದು ಬೇಗ ಆರುವುದೂ ಇಲ್ಲ. ಬೆಳಿಗ್ಗೆ ಮೊಸರು ಬೆರೆಸುವ ಹೊತ್ತಿಗೆ ಹತ್ತು ಗಂಟೆಗಳೇ ಕಳೆದಿದ್ದವು. ಕಾವಲುಗಾರ ಬಂದದ್ದು ಕಳವಾದ ಮೇಲೆ.

ನಮ್ಮ ಹಿರಿಯರು ಮಿಕ್ಕ ಅನ್ನವನ್ನು ಹಾಗೆಯೇ ಮುಚ್ಚಿಡದೆ ಮಜ್ಜಿಗೆ ನೀರಿನಲ್ಲಿ ಮುಳುಗಿಸಿಡುತ್ತಿದ್ದುದನ್ನು ಹಲವರು ಬಲ್ಲರು. ಆ ತಂಗಳನ್ನ ರಾತ್ರಿಯಿಡೀ ಹುಳಿಯ ಕಾವಲಿನಲ್ಲಿ ಇರುತ್ತಿತ್ತು. ಒಣ ಅನ್ನವನ್ನು ಮುಚ್ಚಿಟ್ಟು ಬೆಳಿಗ್ಗೆ ಮೊಸರು ಸುರಿಯುವುದು ಅದಕ್ಕೆ ಸಮನಾಗದು.

ಹಾಲಿನಲ್ಲಿ ಕಲಸಿ, ಹೆಪ್ಪಿನಿಂದ ಕಟ್ಟುವ ಕ್ರಮ

ದೂರದ ದಾರಿಗೆ ಬುತ್ತಿ ಕಟ್ಟುವಾಗ ಅನ್ನವನ್ನು ಹಾಲಿನಲ್ಲಿ ಕಲಸಿ ಸ್ವಲ್ಪವೇ ಮೊಸರು ಬೆರೆಸುವ ಪದ್ಧತಿ ನಮ್ಮ ಅನೇಕ ಮನೆಗಳಲ್ಲಿದೆ. ಇದರ ಹಿಂದಿನ ಲೆಕ್ಕ ಸರಳವಾದುದು. ಪೂರ್ತಿ ಮೊಸರು ಹಾಕಿದರೆ ಹುಳಿಯ ಓಟ ಅರ್ಧ ದಾರಿಯಿಂದಲೇ ಆರಂಭವಾಗಿ ಊಟದ ಹೊತ್ತಿಗೆ ಗುರಿ ದಾಟಿರುತ್ತದೆ. ಹಾಲು ಹಾಕಿ ಹೆಪ್ಪು ಬೆರೆಸಿದರೆ ಅದೇ ಓಟ ಮೊದಲಿನಿಂದ ಆರಂಭವಾಗಿ, ಊಟದ ಹೊತ್ತಿಗೆ ಡಬ್ಬಿಯೊಳಗೇ ಹೊಸ ಮೊಸರು ಸಿದ್ಧವಾಗಿರುತ್ತದೆ.

ಒಬ್ಬರ ಡಬ್ಬಿಗೆ ಎರಡು ಬಟ್ಟಲು ಅನ್ನ, ಒಂದೂಕಾಲು ಬಟ್ಟಲು ಹಾಲು, ಊಟದ ಚಮಚದಲ್ಲಿ ಮೂರು ಚಮಚ ಮೊಸರು, ಅರ್ಧ ಚಹಾ ಚಮಚ ಉಪ್ಪು ಸಾಕು. ಅನ್ನ ಅಂದು ಬೆಳಿಗ್ಗೆ ಬೆಂದದ್ದೇ ಆಗಿರಬೇಕು. ಎಂದಿಗಿಂತ ತುಸು ಹೆಚ್ಚು ನೀರಿಟ್ಟು ಮೆತ್ತಗೆ ಬೇಯಿಸಿ, ಕುಕ್ಕರ್ ಇಳಿದ ಕೂಡಲೇ ಅಗಲವಾದ ತಟ್ಟೆಗೆ ಹರಡಿ, ಬಿಸಿಯಿರುವಾಗಲೇ ಸೌಟಿನ ಹಿಂಬದಿಯಿಂದ ಮಸೆಯಬೇಕು. ತಟ್ಟೆಗೆ ಹರಡಿದರೆ ಹತ್ತು ನಿಮಿಷದಲ್ಲಿ ಆರುವ ಅನ್ನ ಪಾತ್ರೆಯಲ್ಲೇ ಇದ್ದರೆ ಗಂಟೆಗಟ್ಟಲೆ ಬೆಚ್ಚಗಿರುತ್ತದೆ.

ಹಾಲನ್ನು ಒಮ್ಮೆ ಚೆನ್ನಾಗಿ ಕುದಿಸಿ ಇಳಿಸಿರಬೇಕು. ಪೊಟ್ಟಣದ ಹಾಲಿಗೂ ಈ ಮಾತು ಅನ್ವಯಿಸುತ್ತದೆ. ಮಸೆದ ಅನ್ನಕ್ಕೆ ಹಾಲು ಬೆರೆಸಿದಾಗ ಅದು ಬಡಿಸುವ ಹದಕ್ಕಿಂತ ತೆಳ್ಳಗೆ, ಸೌಟಿನಿಂದ ಜಾರುವಂತೆ ಕಾಣಬೇಕು. ಅನ್ನ ಆರುತ್ತ ಆರುತ್ತ ಹಾಲನ್ನು ಹೀರುವುದರಿಂದ ಬೆಳಿಗ್ಗೆ ಹದವಾಗಿ ಕಂಡದ್ದು ಮಧ್ಯಾಹ್ನಕ್ಕೆ ಮುದ್ದೆಯಾಗಿರುತ್ತದೆ.

ಮೊಸರನ್ನು ಬೆರೆಸುವ ಹೊತ್ತು ಮುಖ್ಯವಾದುದು. ಕಲಸಿದ ಅನ್ನದಲ್ಲಿ ತೊಳೆದ ಬೆರಳನ್ನಿಟ್ಟು ಹತ್ತು ಎಣಿಸುವವರೆಗೆ ಸುಡದೆ ಇರಬೇಕು. ಅದಕ್ಕಿಂತ ಬಿಸಿಯಿದ್ದರೆ ಹೆಪ್ಪಿನ ಜೀವಾಣುಗಳು ಸಾಯುತ್ತವೆ. ಆಗ ಡಬ್ಬಿಯಲ್ಲಿ ಉಳಿಯುವುದು ಕಾವಲಿಲ್ಲದ ಹಾಲು ಅನ್ನ ಮಾತ್ರ. ಬಿಸಿಲಿನಲ್ಲಿ ಅದರಷ್ಟು ಬೇಗ ಕೆಡುವ ಪದಾರ್ಥ ಇನ್ನೊಂದಿಲ್ಲ. ಹೆಪ್ಪಿಗೆ ಹಿಂದಿನ ರಾತ್ರಿ ಹಾಕಿ ಗಟ್ಟಿಯಾದ ಹೊಸ ಮೊಸರೇ ಆಗಬೇಕು. ನಾಲ್ಕಾರು ದಿನ ಫ್ರಿಜ್ಜಿನಲ್ಲಿದ್ದ ಮೊಸರು ಹುಳಿಯಾಗಿದ್ದರೂ ಅದರ ಕಸುವು ಕುಂದಿರುತ್ತದೆ.

ಅಳತೆ ಸರಿಯಾಯಿತೇ ಎಂಬುದನ್ನು ಮಧ್ಯಾಹ್ನದ ಡಬ್ಬಿಯೇ ಹೇಳುತ್ತದೆ. ಹಿತವಾದ ಹುಳಿಯೊಡನೆ ಗಟ್ಟಿಯಾಗಿದ್ದರೆ ಅದೇ ಅಳತೆಯನ್ನು ಮುಂದುವರಿಸಬಹುದು. ಹುಳಿ ಹೆಚ್ಚಿದ್ದರೆ ಮರುದಿನ ಒಂದು ಚಮಚ ಮೊಸರು ಕಡಿಮೆ ಮಾಡಬೇಕು, ಪೂರ್ತಿ ಬಿಟ್ಟುಬಿಡಬಾರದು. ಆರೇಳು ಗಂಟೆಯ ಮೇಲೂ ಹುಳಿಯ ಸುಳಿವಿಲ್ಲದೆ ಹಾಲಿನಂತೆಯೇ ಸಿಹಿಯಾಗಿದ್ದರೆ ಅದನ್ನು ಒಳ್ಳೆಯ ಲಕ್ಷಣವೆಂದು ತಿಳಿಯಬಾರದು. ಹೆಪ್ಪು ಕೆಲಸ ಮಾಡಿಲ್ಲ ಎಂದೇ ಅದರ ಅರ್ಥ. ಬೇಸಿಗೆಯಲ್ಲಿ ಅಂಥ ಡಬ್ಬಿಯನ್ನು ಉಣ್ಣದಿರುವುದು ಲೇಸು. ಮಾಗಿಯ ಚಳಿಯಲ್ಲಿ ಹೆಪ್ಪು ನಿಧಾನವಾಗುವುದರಿಂದ ಐದಾರು ಚಮಚ ಮೊಸರು ಬೇಕಾಗುತ್ತದೆ. ಹೊಸಪೇಟೆಯಿಂದ ಹಂಪಿಗೆ ಹೋಗಿ ಎರಡು ಮೂರು ಗಂಟೆಯೊಳಗೆ ಉಣ್ಣುವವರಿಗೆ ಈ ಕ್ರಮ ಹೊಂದದು. ಅಷ್ಟರಲ್ಲಿ ಹಾಲು ಮೊಸರಾಗಿರುವುದಿಲ್ಲ. ಅವರು ಆರಿದ ಹೊಸ ಅನ್ನಕ್ಕೆ ನೇರವಾಗಿ ಮೊಸರನ್ನೇ ಕಲಸಿಕೊಳ್ಳಬಹುದು.

ಸಾಸಿವೆ, ಕರಿಬೇವು, ಶುಂಠಿ, ಹಸಿಮೆಣಸಿನಕಾಯಿಗಳ ಒಗ್ಗರಣೆಯನ್ನು ಎಣ್ಣೆಯಲ್ಲಿ ಚೆನ್ನಾಗಿ ಬಾಡಿಸಿ, ಆರಿಸಿ ಬೆರೆಸಬೇಕು. ಹಸಿ ಸೌತೆಕಾಯಿ, ಈರುಳ್ಳಿ, ಕೊತ್ತಂಬರಿ ಸೊಪ್ಪು, ಹಸಿ ಕೊಬ್ಬರಿಗಳನ್ನು ದೂರದ ಬುತ್ತಿಯಲ್ಲಿ ಬೆರೆಸುವುದು ಬೇಡ. ಅವು ನೀರು ಬಿಡುವುದಲ್ಲದೆ ತಮ್ಮೊಡನೆ ಬೇರೆ ಸೂಕ್ಷ್ಮಾಣುಗಳನ್ನೂ ತರುತ್ತವೆ. ಬೇಕೆನಿಸಿದರೆ ಸಣ್ಣ ಡಬ್ಬಿಯಲ್ಲಿ ಬೇರೆಯಾಗಿ ಒಯ್ಯಬಹುದು. ಶೇಂಗಾ ಚಟ್ನಿಪುಡಿ, ಕರಿದ ಮಜ್ಜಿಗೆ ಮೆಣಸಿನಕಾಯಿ, ಉಪ್ಪಿನಕಾಯಿಗಳೂ ಹಾಗೆಯೇ ಪ್ರತ್ಯೇಕವಾಗಿರಲಿ.

ಡಬ್ಬಿ ಮತ್ತು ಒದ್ದೆ ಬಟ್ಟೆ

ಡಬ್ಬಿ ಸ್ಟೀಲಿನದಾಗಿರಲಿ. ಅಲ್ಯೂಮಿನಿಯಂ ಪಾತ್ರೆಯೂ ಕಲಾಯಿ ಹೋದ ಹಿತ್ತಾಳೆಯ ಪಾತ್ರೆಯೂ ಹುಳಿಯೊಡನೆ ಸೇರಿ ಲೋಹವನ್ನು ಅನ್ನಕ್ಕೆ ಬಿಡುತ್ತವೆ. ಮುಚ್ಚಳದಲ್ಲಿ ರಬ್ಬರ್ ಉಂಗುರವಿದ್ದರೆ ಅದನ್ನು ದಿನವೂ ಬಿಚ್ಚಿ ತೊಳೆಯಬೇಕು. ಅಲ್ಲಿ ಅಂಟಿದ ನಿನ್ನೆಯ ಮೊಸರಿನ ಜಿಡ್ಡು ಇಂದಿನ ಬುತ್ತಿಗೆ ಬೇಡದ ಹೆಪ್ಪಾಗುತ್ತದೆ. ತೊಳೆದ ಮೇಲೆ ಕುದಿಯುವ ನೀರನ್ನು ಸುರಿದು, ಒಣಗಿಸಿ, ಆ ಬಳಿಕ ತುಂಬಬೇಕು.

ಬಿಸಿ ಊಟಕ್ಕೆಂದು ಮಾಡಿದ, ಶಾಖ ಹಿಡಿದಿಡುವ ಇಮ್ಮಡಿ ಗೋಡೆಯ ಡಬ್ಬಿಗೆ ಬೆಚ್ಚಗಿನ ಮೊಸರನ್ನವನ್ನು ತುಂಬುವುದು ಅನೇಕರು ಮಾಡುವ ತಪ್ಪು. ಆ ಡಬ್ಬಿಗೆ ಬಿಸಿಯೂ ಒಂದೇ, ತಂಪೂ ಒಂದೇ. ಹಾಕಿದುದನ್ನು ಹಾಕಿದಂತೆ ಕಾಯುತ್ತದೆ. ಬೆಚ್ಚಗಿನದನ್ನು ಹಾಕಿದರೆ ಸೂಕ್ಷ್ಮಾಣುಗಳಿಗೆ ಪ್ರಿಯವಾದ ಬೆಚ್ಚನೆಯನ್ನೇ ಮಧ್ಯಾಹ್ನದವರೆಗೆ ಕಾಪಾಡಿಕೊಡುತ್ತದೆ.

ನಮ್ಮ ಸೀಮೆಯ ಬೇಸಿಗೆಗೆ ಒಂದು ಅನುಕೂಲವಿದೆ: ಇಲ್ಲಿಯ ಬಿಸಿಲು ಉಗ್ರವಾದರೂ ಗಾಳಿ ಒಣಗಿರುತ್ತದೆ. ಮಣ್ಣಿನ ಮಡಕೆಯ ನೀರು ತಂಪಾಗುವುದು ಇದೇ ಕಾರಣದಿಂದ. ಮಡಕೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಸೆಳೆದುಕೊಂಡು ಹೋಗುತ್ತದೆ. ಡಬ್ಬಿಗೆ ದಪ್ಪ ಹತ್ತಿಯ ಒದ್ದೆ ಬಟ್ಟೆಯನ್ನು ಎರಡು ಸುತ್ತು ಸುತ್ತಿದರೆ ಅದೇ ಫಲ ದೊರೆಯುತ್ತದೆ. ಸುತ್ತಲಿನ ಗಾಳಿಗಿಂತ ಒಳಗಿನ ಅನ್ನ ಹಲವು ಡಿಗ್ರಿ ತಂಪಾಗಿ ಉಳಿದು, ಹುಳಿ ಅಳತೆ ಮೀರದು. ಆದರೆ ಬಟ್ಟೆಗೆ ಗಾಳಿ ತಾಗಬೇಕು. ಒದ್ದೆ ಬಟ್ಟೆ ಸುತ್ತಿದ ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ಆವಿ ಹೊರಹೋಗದೆ ಶ್ರಮ ವ್ಯರ್ಥವಾಗುತ್ತದೆ. ನೂಲಿನ ಚೀಲದಲ್ಲಿಟ್ಟು, ನೆರಳಿನಲ್ಲಿ ತೂಗುಹಾಕಿ, ಬಟ್ಟೆ ಒಣಗಿದಾಗ ಮತ್ತೆ ನೀರು ಚಿಮುಕಿಸಬೇಕು. ಆಷಾಢ, ಶ್ರಾವಣಗಳಲ್ಲಿ ಗಾಳಿ ತೇವವಾಗಿರುವುದರಿಂದ ಈ ಉಪಾಯ ಅಷ್ಟಾಗಿ ಫಲಿಸದು. ಆಗ ಬಿಸಿಲಿನ ಕಾವೂ ಇಳಿದಿರುತ್ತದೆ.

ಡಬ್ಬಿಯನ್ನು ಎಲ್ಲಿಡುತ್ತೇವೆ ಎಂಬುದೂ ಗಮನಿಸಬೇಕಾದ ವಿಷಯ. ಬಿಸಿಲಿನಲ್ಲಿ ನಿಂತ ಬೈಕಿನ ಪಕ್ಕದ ಪೆಟ್ಟಿಗೆ, ಬಸ್ಸಿನ ಎಂಜಿನ್ನಿನ ಪಕ್ಕ, ಬಿಸಿಲು ಬೀಳುವ ಕಿಟಕಿ, ಇವು ಮೂರೂ ಕೆಟ್ಟ ಜಾಗಗಳು. ಹಂಪಿಯ ಬಯಲಿನಲ್ಲಿ ದುಡಿಯುವವರು ಇನ್ನೊಂದನ್ನು ನೆನಪಿಡಬೇಕು. ಬೆಳಗಿನ ಬಿಸಿಲು ಕುಡಿದ ಬಂಡೆ ನೆರಳು ಬಂದ ಮೇಲೂ ಬಹಳ ಹೊತ್ತು ಕಾದೇ ಇರುತ್ತದೆ. ಅದರ ಮೇಲೆ ಡಬ್ಬಿಯಿಡದೆ ಗಾಳಿಯಾಡುವ ನೆರಳಿನಲ್ಲಿ ಕೊಂಬೆಗೆ ಕಟ್ಟುವುದು ಮೇಲು.

ಫ್ರಿಜ್ಜು ಇರುವ ಮನೆಯವರಿಗೆ ಬೇರೊಂದು ಮಾರ್ಗವೂ ಇದೆ. ಅರ್ಧ ಲೀಟರಿನ ಬಾಟಲಿಯಲ್ಲಿ ಮುಕ್ಕಾಲು ಭಾಗ ಕುಡಿಯುವ ನೀರು ತುಂಬಿ ರಾತ್ರಿ ಹೆಪ್ಪುಗಟ್ಟಿಸಿ, ಬೆಳಿಗ್ಗೆ ಡಬ್ಬಿಗೆ ಒತ್ತಿಟ್ಟು ಎರಡನ್ನೂ ದಪ್ಪ ಟವೆಲಿನಲ್ಲಿ ಸುತ್ತುವುದು. ಈ ಕ್ರಮದಲ್ಲಿ ಹಾಲು ಬೇಡ. ತಂಪಿನಲ್ಲಿ ಹೆಪ್ಪು ಕೆಲಸ ಮಾಡದು. ಆದ್ದರಿಂದ ಪೂರ್ತಿ ಆರಿದ ಹೊಸ ಅನ್ನಕ್ಕೆ ತಣ್ಣನೆಯ, ಹುಳಿಯಿಲ್ಲದ ಗಟ್ಟಿ ಮೊಸರನ್ನೇ ಕಲಸಬೇಕು. ಒಂದು ಕ್ರಮದಲ್ಲಿ ಹುಳಿ ಕಾಯುತ್ತದೆ, ಇನ್ನೊಂದರಲ್ಲಿ ತಂಪು ಕಾಯುತ್ತದೆ. ಹಾಲು ಕಲಸಿ ಮಂಜುಗಡ್ಡೆಯನ್ನೂ ಇಟ್ಟು, ಅದು ದಾರಿಯಲ್ಲಿ ಕರಗಿಹೋದರೆ ಎರಡು ಕಾವಲೂ ಇಲ್ಲದಂತಾಗುತ್ತದೆ.

ಉಣ್ಣುವ ಮುನ್ನ

ಡಬ್ಬಿ ತೆರೆದಾಗ ಮುಚ್ಚಳ ಉಬ್ಬಿ ಗಾಳಿ ಹೊರಬಂದರೆ, ಅನ್ನದಲ್ಲಿ ಗುಳ್ಳೆಗಳಿದ್ದು ಹೆಂಡದಂಥ ವಾಸನೆ ಬಂದರೆ, ಚಮಚದಲ್ಲಿ ಎತ್ತಿದಾಗ ಲೋಳೆಯ ಎಳೆ ಎದ್ದರೆ, ಕಹಿ ತಾಗಿದರೆ, ಗುಲಾಬಿ ಅಥವಾ ಹಸಿರು ಬಣ್ಣದ ಚುಕ್ಕೆ ಕಂಡರೆ ಆ ಅನ್ನವನ್ನು ಉಣ್ಣಬಾರದು. ಮೇಲಿನದನ್ನು ತೆಗೆದು ಕೆಳಗಿನದನ್ನು ಉಣ್ಣುವುದೂ ಸಲ್ಲದು. ಬರಿಯ ಹುಳಿ, ತುಸು ತಿಳಿನೀರು ಇದ್ದರೆ ಅಂಜಬೇಕಾಗಿಲ್ಲ. ಆದರೆ ಅನ್ನದ ವಿಷ ಕಣ್ಣಿಗೂ ಮೂಗಿಗೂ ತಿಳಿಯದೆಂಬುದನ್ನು ಮರೆಯಬಾರದು. ಹೊರಗಿಟ್ಟ ರಾತ್ರಿಯ ಅನ್ನವನ್ನು ಮೂಸಿ ನೋಡಿ ನಿರ್ಧರಿಸಲು ಬಾರದು; ಅದನ್ನು ಬುತ್ತಿಗೆ ಬಳಸದಿರುವುದೊಂದೇ ದಾರಿ. ಉಳಿದ ಅನ್ನವನ್ನು ಬಳಸಲೇಬೇಕಾದರೆ ಬೆಂದ ಒಂದು ಗಂಟೆಯೊಳಗೆ ಅಗಲ ಪಾತ್ರೆಯಲ್ಲಿ ಹರಡಿ ಫ್ರಿಜ್ಜಿನಲ್ಲಿಟ್ಟಿರಬೇಕು. ಬೆಳಿಗ್ಗೆ ಹಬೆಯಲ್ಲಿ ಚೆನ್ನಾಗಿ ಬಿಸಿಮಾಡಿ, ಆರಿಸಿ, ಮನೆಯಲ್ಲೇ ಉಂಡು ಮುಗಿಸುವುದು ಉತ್ತಮ.

ಈ ಕ್ರಮಗಳಿಗೂ ಮಿತಿಯಿದೆ. ಒದ್ದೆ ಬಟ್ಟೆಯ ಹಾಲುಬುತ್ತಿ ಕಟ್ಟಿದ ಹೊತ್ತಿನಿಂದ ಆರೇಳು ಗಂಟೆಯೊಳಗೆ ಮುಗಿಯಬೇಕು. ಮಿಕ್ಕದ್ದನ್ನು ಸಂಜೆ ಮನೆಗೆ ತಂದು ಮಕ್ಕಳಿಗೆ ಕೊಡಬಾರದು. ಚಿಕ್ಕ ಮಕ್ಕಳು, ಗರ್ಭಿಣಿಯರು, ವಯೋವೃದ್ಧರು, ದೀರ್ಘ ರೋಗದಿಂದ ಬಳಲಿದವರು ಬುತ್ತಿ ಒಯ್ಯುವುದಾದರೆ ತಂಪಿನ ಕ್ರಮವನ್ನೇ ಅನುಸರಿಸಿ, ಬೇಗ ಉಣ್ಣುವುದು ಕ್ಷೇಮ.

ಉಂಡ ಒಂದರಿಂದ ಆರು ಗಂಟೆಯೊಳಗೆ ವಾಂತಿಯಾದರೆ ಅನ್ನದ ವಿಷವನ್ನು ಶಂಕಿಸಬಹುದು. ಅದು ಸಾಮಾನ್ಯವಾಗಿ ಒಂದು ದಿನದಲ್ಲಿ ಶಮನವಾಗುತ್ತದೆ. ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಸೂಚಿಸಿದಷ್ಟೇ ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸಬೇಕು. ಕುಡಿದದ್ದು ನಿಲ್ಲದಿದ್ದರೆ, ಮೂತ್ರ ತೀರ ಕಡಿಮೆಯಾದರೆ, ಮಂಪರು, ತೀವ್ರ ಜ್ವರ, ಮಲದಲ್ಲಿ ರಕ್ತ ಕಂಡರೆ, ಅಥವಾ ಬಳಲಿದವರು ಮಕ್ಕಳಾಗಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಕಂಪ್ಲಿಯ ಆ ಮನೆಯಲ್ಲಿ ಈಗ ಬೆಳಗಿನ ಕ್ರಮ ಬದಲಾಗಿದೆ. ಐದು ಗಂಟೆಗೆ ಕುಕ್ಕರ್ ಒಲೆಗೇರುತ್ತದೆ. ಐದೂವರೆಗೆ ಅನ್ನ ತಟ್ಟೆಯಲ್ಲಿ ಹರಡಿ ಮಸೆಯಲ್ಪಡುತ್ತದೆ. ಹಾಲು ಬೆರೆತು, ಬೆರಳಿನ ಪರೀಕ್ಷೆ ಮುಗಿದು, ಹೆಪ್ಪು ಬೀಳುವಾಗ ಆರಕ್ಕೆ ಹತ್ತು ನಿಮಿಷ. ಆರು ಗಂಟೆಗೆ ಒದ್ದೆ ಬಟ್ಟೆ ಸುತ್ತಿದ ಡಬ್ಬಿ ನೂಲಿನ ಚೀಲದಲ್ಲಿ ಹೊರಡುತ್ತದೆ. ಹೊಸಪೇಟೆಯಲ್ಲಿ ಬಸ್ಸು ಬದಲಿಸುವಾಗ ಯಜಮಾನರು ಬಟ್ಟೆಗೆ ಒಮ್ಮೆ ನೀರು ಚಿಮುಕಿಸುತ್ತಾರೆ; ಸಂಡೂರಿನಲ್ಲಿ ಇಳಿದ ಮೇಲೆ ಇನ್ನೊಮ್ಮೆ. ಹನ್ನೆರಡೂವರೆಗೆ ಡಬ್ಬಿ ತೆರೆಯುತ್ತದೆ. ಮೊದಲ ವಾರ ಮೂರು ಚಮಚ ಹೆಪ್ಪು ತುಸು ಹೆಚ್ಚೆನಿಸಿ ಈಗ ಎರಡಕ್ಕೆ ನಿಂತಿದೆ. ರಾತ್ರಿಯ ಅನ್ನ ಮಿಕ್ಕದಂತೆ ಅಕ್ಕಿಯನ್ನೇ ಒಂದು ಹಿಡಿ ಕಡಿಮೆ ಅಳೆಯುವುದನ್ನು ಆ ತಾಯಿ ರೂಢಿಸಿಕೊಂಡಿದ್ದಾರೆ.